ಹೋಗಿ ಬಂದು ಮಾಡುವ ನೆಟ್: ದೂರಿನ ಪತ್ರದ ಬಗ್ಗೆ ನಂಬಿಕೆ, ಸತ್ಯ

ನೆಟ್ ಪೂರ್ತಿ ಹೋದರೆ ದೂರು ಕೊಡುವುದು ಸುಲಭ. ಎಲ್ಲೋ ಕೇಬಲ್ ತುಂಡಾಗಿರುತ್ತದೆ, ಹುಡುಗ ಬಂದು ಜೋಡಿಸಿ ಹೋಗುತ್ತಾನೆ. ಕಾಡುವುದು ಹೋಗಿ ಬಂದು ಮಾಡುವ ನೆಟ್. ಮಗಳ ಆನ್‌ಲೈನ್ ಪರೀಕ್ಷೆಯ ನಡುವೆ ನಾಲ್ಕು ನಿಮಿಷ ಮಾಯವಾಗುತ್ತದೆ, ಕಸ್ಟಮರ್ ಕೇರ್‌ನವರು ಫೋನ್ ಎತ್ತುವಷ್ಟರಲ್ಲಿ ಏನೂ ಆಗದವರ ಹಾಗೆ ವಾಪಸ್ ಬಂದಿರುತ್ತದೆ. ಇಂಥ ತೊಂದರೆಗೆ ಪತ್ರ ಬರೆಯಲು ಕೂತವರನ್ನು ಕೆಲವು ನಂಬಿಕೆಗಳು ದಾರಿ ತಪ್ಪಿಸುತ್ತವೆ.

ನಂಬಿಕೆ: ಪತ್ರ ಖಾರವಾಗಿದ್ದಷ್ಟೂ ಕೆಲಸ ಬೇಗ ಆಗುತ್ತದೆ.

ಪತ್ರ ತೆರೆಯುವವರ ಮುಂದೆ ಇರುವುದು ಒಂದು ಪರದೆ. ‘ನೆಟ್ ಇಲ್ಲ’, ‘ಸ್ಪೀಡ್ ಕಡಿಮೆ’, ‘ಪದೇ ಪದೇ ಕಟ್’ ಎಂಬಂಥ ವಿಭಾಗಗಳಲ್ಲಿ ಒಂದನ್ನು ಆರಿಸಿ, ನಿಮ್ಮ ಮನೆಯ ಮೋಡೆಮ್ ಆ ಕ್ಷಣಕ್ಕೆ ಜೀವಂತವಿದೆಯೇ ಎಂದು ಅವರು ನೋಡುತ್ತಾರೆ. ಹೋಗಿ ಬರುವ ನೆಟ್ ದಿನದ ಬಹುಪಾಲು ಹೊತ್ತು ಇದ್ದೇ ಇರುತ್ತದೆಯಲ್ಲ, ಹಾಗಾಗಿ ಪರದೆ ಹಸಿರು ತೋರಿಸುತ್ತದೆ. ದೂರು ಮುಚ್ಚಿತು, ‘ಸಮಸ್ಯೆ ಪರಿಹಾರವಾಗಿದೆ’ ಎಂಬ ಮೆಸೇಜು ಬಂತು. ಸಂಜೆ ಮತ್ತೆ ನೆಟ್ ಹೋದಾಗ ನೀವು ಕೊಡುವುದು ಹೊಸ ದೂರು, ಅದಕ್ಕೆ ಹೊಸ ಡಾಕೆಟ್ ಸಂಖ್ಯೆ. ನಿಮ್ಮ ಲೆಕ್ಕದಲ್ಲಿ ಎರಡು ವಾರದಿಂದ ಎಳೆಯುತ್ತಿರುವ ಒಂದು ರಗಳೆ ಅವರ ದಾಖಲೆಯಲ್ಲಿ ಚಕಚಕನೆ ಬಗೆಹರಿದ ಬೇರೆ ಬೇರೆ ದೂರುಗಳಾಗಿ ಕೂತಿರುತ್ತದೆ.

ಪತ್ರ ಮಾಡಬೇಕಾದ ಮೊದಲ ಕೆಲಸ ಈ ಬಿಡಿ ಡಾಕೆಟ್‌ಗಳನ್ನು ಒಂದೇ ದಾರದಲ್ಲಿ ಪೋಣಿಸುವುದು. ‘ಇದು ಹೊಸ ದೂರಲ್ಲ, ಇಂಥ ತಾರೀಖಿನಿಂದ ಸರಿಯಾಗದೆ ಉಳಿದಿರುವ ಒಂದೇ ದೋಷ’ ಎಂಬ ಮಾತು ವಿಷಯದ ಸಾಲಿನಲ್ಲೇ ಬರಬೇಕು. ‘ನಿಮ್ಮ ಸೇವೆ ಕಳಪೆ’ ಎಂದು ಬರೆದರೆ ಅದಕ್ಕೆ ವಿಷಾದ ವ್ಯಕ್ತಪಡಿಸುವ ಸಿದ್ಧ ಉತ್ತರವೊಂದು ಅವರ ಬಳಿ ಇದ್ದೇ ಇರುತ್ತದೆ.

ನಂಬಿಕೆ: ಸ್ಪೀಡ್ ಟೆಸ್ಟ್ ಚಿತ್ರ ಲಗತ್ತಿಸಿದರೆ ಸಾಕ್ಷಿ ಆಯಿತು.

ಸ್ಪೀಡ್ ಟೆಸ್ಟ್ ನಡೆಯುವುದೇ ನೆಟ್ ಇದ್ದಾಗ. 100 ಎಂಬಿಪಿಎಸ್ ಪ್ಲಾನಿನಲ್ಲಿ 94 ಬಂದ ಚಿತ್ರವನ್ನು ಕಳಿಸಿದರೆ, ಲೈನ್ ಚೆನ್ನಾಗಿದೆ ಎಂದು ನೀವೇ ಬರೆದುಕೊಟ್ಟ ಹಾಗೆ. ಬೇಕಾದದ್ದು ಕಡಿತದ ದಾಖಲೆ, ಮತ್ತು ಕಡಿತ ಮನೆಯೊಳಗಿನದ್ದೋ ಹೊರಗಿನದ್ದೋ ಎಂಬುದರ ಗುರುತು. ವೈಫೈ ಕಡಿದರೂ ಫೈಬರ್ ಕೈಕೊಟ್ಟರೂ ಫೋನಿನಲ್ಲಿ ಕಾಣುವುದು ಒಂದೇ ತಿರುಗುವ ಚಕ್ರ. ಎರಡನ್ನೂ ಬೇರ್ಪಡಿಸಲು ವಿಂಡೋಸ್ ಕಂಪ್ಯೂಟರಿನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದು, ಒಂದೊಂದರಲ್ಲಿ ಒಂದು ಸಾಲು ಓಡಿಸಿದರೆ ಸಾಕು:

```
ping -t 192.168.1.1
ping -t 8.8.8.8
```

ಮೊದಲನೆಯದು ನಿಮ್ಮದೇ ರೂಟರನ್ನು ಮಾತನಾಡಿಸುತ್ತದೆ. ಕೆಲವು ರೂಟರ್‌ಗಳ ವಿಳಾಸ ಬೇರೆ ಇರುತ್ತದೆ, ಪೆಟ್ಟಿಗೆಯ ಕೆಳಗಿನ ಚೀಟಿಯಲ್ಲಿ ನೋಡಿಕೊಳ್ಳಿ. ಎರಡನೆಯದು ಹೊರಗಿನ ಜಗತ್ತನ್ನು. ನೆಟ್ ಹೋದಾಗ ಎರಡೂ ಕಿಟಕಿಗಳು ಒಟ್ಟಿಗೆ ನಿಂತರೆ ತೊಂದರೆ ಮನೆಯೊಳಗೆ, ಹೆಚ್ಚಾಗಿ ವೈಫೈಯಲ್ಲಿ ಅಥವಾ ರೂಟರಿನಲ್ಲೇ. ಮೊದಲನೆಯದು ಉತ್ತರಿಸುತ್ತಲೇ ಇದ್ದು ಎರಡನೆಯದು ಮಾತ್ರ ನಿಂತರೆ, ವೈಫೈ ಮೇಲೆ ತಪ್ಪು ಹೊರಿಸುವಂತಿಲ್ಲ. ತೊಂದರೆ ರೂಟರಿನಿಂದ ಆಚೆಗಿನ ಹಾದಿಯಲ್ಲಿದೆ.

ಇನ್ನೊಂದು ಗುರುತು ರೂಟರಿನ ಒಳಪುಟದಲ್ಲಿ ಇರುತ್ತದೆ. ಅಲ್ಲಿ Uptime ಎಂದು ಎರಡು ಕಡೆ ಕಾಣಬಹುದು, ಒಂದು ಯಂತ್ರದ್ದು, ಇನ್ನೊಂದು ಸಂಪರ್ಕದ್ದು. ಯಂತ್ರ ಒಂಬತ್ತು ದಿನದಿಂದ ಓಡುತ್ತಿದ್ದು ಸಂಪರ್ಕಕ್ಕೆ ಇನ್ನೂ ಇಪ್ಪತ್ತು ನಿಮಿಷ ವಯಸ್ಸಾಗಿದ್ದರೆ, ಕಡಿದದ್ದು ಲೈನು. ಎರಡಕ್ಕೂ ಇಪ್ಪತ್ತೇ ನಿಮಿಷ ಆಗಿದ್ದರೆ ರೂಟರೇ ಆಫ್ ಆಗಿ ಆನ್ ಆಗಿದೆ. ಆಗ ಮೊದಲು ಅನುಮಾನಿಸಬೇಕಾದದ್ದು ಅದರ ಅಡಾಪ್ಟರ್ ಅಥವಾ ಸಡಿಲವಾದ ಪ್ಲಗ್. ಇದನ್ನು ನೋಡಿಕೊಳ್ಳದೆ ‘ಫೈಬರ್ ಸರಿ ಇಲ್ಲ’ ಎಂದು ಬರೆದರೆ, ಬಂದ ಹುಡುಗ ಪ್ಲಗ್ ಒತ್ತಿ ಭೇಟಿಯ ಶುಲ್ಕ ಹಾಕಿ ಹೋಗುತ್ತಾನೆ, ಅದು ನ್ಯಾಯವೂ ಹೌದು.

ಪುಟದಲ್ಲಿ Rx Power ಎಂಬ ಸಂಖ್ಯೆ ಸಿಕ್ಕರೆ ಬರೆದಿಟ್ಟುಕೊಳ್ಳಿ. ಮನೆಗೆ ತಲುಪುವ ಬೆಳಕಿನ ಬಲ ಅದು, ಡಿಬಿಎಂನಲ್ಲಿ, ಮೈನಸ್ ಗುರುತಿನೊಂದಿಗೆ. ಮೈನಸ್ 20ರ ಆಸುಪಾಸಿನಲ್ಲಿದ್ದರೆ ನಿಶ್ಚಿಂತೆ. ಮನೆಗಳಲ್ಲಿ ಸಾಮಾನ್ಯವಾಗಿ ಇರುವ ಜಿಪಾನ್ ಮೋಡೆಮ್‌ಗೆ ಮೈನಸ್ 27 ಹೆಚ್ಚುಕಡಿಮೆ ಕೊನೆಯ ಗೆರೆ. ಈ ಎರಡರ ನಡುವಿನ ಏಳು ಅಂಕ ಸಣ್ಣದಾಗಿ ಕಂಡರೂ, ಅಷ್ಟರಲ್ಲಿ ಬೆಳಕು ಐದರಲ್ಲೊಂದು ಪಾಲಿಗೆ ಇಳಿದಿರುತ್ತದೆ. ಗೆರೆಯ ಮೇಲೆ ನಿಂತಿರುವ ಲೈನು ಗಾಳಿ ಬೀಸಿ ಕೇಬಲ್ ತೂಗಿದರೂ ಸಾಕು, ಕೆಳಗೆ ಬೀಳುತ್ತದೆ. ಆಗ ಎಲ್‌ಒಎಸ್ ಎಂದು ಬರೆದಿರುವ ದೀಪ ಕೆಂಪಾಗುತ್ತದೆ. ಅದರ ಒಂದು ಫೋಟೊ ಹತ್ತು ಸ್ಪೀಡ್ ಟೆಸ್ಟ್‌ಗಿಂತ ಮೇಲು.

ನಂಬಿಕೆ: ಟೆಕ್ನಿಶಿಯನ್ ಕಳಿಸಿ ಎಂದರೆ ಸಾಕು, ಉಳಿದದ್ದು ಅವರಿಗೆ ಗೊತ್ತು.

ಅವರು ಬರುವ ಹೊತ್ತಿಗೆ ನೆಟ್ ಇರುತ್ತದೆ. ಮೊಬೈಲಿನಲ್ಲಿ ವಿಡಿಯೊ ಓಡಿಸಿ ತೋರಿಸಿ, ಸಹಿಯನ್ನೋ ಓಟಿಪಿಯನ್ನೋ ಕೇಳುತ್ತಾರೆ. ಏನು ಪರೀಕ್ಷಿಸಬೇಕು ಎಂಬುದು ಪತ್ರದಲ್ಲೇ ಇದ್ದರೆ ಭೇಟಿ ಹಾಗೆ ಮುಗಿಯುವುದು ಕಷ್ಟ. ಪವರ್ ಮೀಟರ್ ತರಲಿ, ಮನೆಯೊಳಗೂ ಕಂಬದ ಮೇಲಿನ ಪೆಟ್ಟಿಗೆಯಲ್ಲೂ ಅಳೆಯಲಿ. ಕಂಬದಲ್ಲಿ ಬಲವಿದ್ದು ಮನೆಯಲ್ಲಿ ಕ್ಷೀಣಿಸಿದ್ದರೆ ದೋಷ ನಡುವಿನ ತಂತಿಯಲ್ಲಿದೆ. ಕಿಟಕಿಯ ಸಂದಿಯಲ್ಲಿ ಮಡಚಿ ತೂರಿಸಿದ ಜಾಗ, ಧೂಳು ಕೂತ ಕನೆಕ್ಟರ್, ಮರದ ಕೊಂಬೆಗೆ ಉಜ್ಜುವ ಕಡೆ, ಅಳಿಲು ಕಚ್ಚಿದ ಕಡೆ, ಇವು ಸಾಮಾನ್ಯ ತಪ್ಪಿತಸ್ಥರು. ಎರಡೂ ಕಡೆ ಕ್ಷೀಣವಿದ್ದರೆ ನಿಮ್ಮ ಮನೆಯ ತಂತಿ ಬದಲಿಸಿ ಪ್ರಯೋಜನವಿಲ್ಲ, ಅಕ್ಕಪಕ್ಕದವರಿಗೂ ಅದೇ ತೊಂದರೆ ಇರಬಹುದು, ವಿಚಾರಿಸಿ. ಪರೀಕ್ಷೆಯ ಉತ್ಸಾಹದಲ್ಲಿ ಫೈಬರ್ ತುದಿಯನ್ನು ಕಣ್ಣಿಗೆ ಹಿಡಿದು ನೋಡಬೇಡಿ. ಅದರಲ್ಲಿ ಹರಿಯುವುದು ಕಣ್ಣಿಗೆ ಕಾಣದ ಅತಿಗೆಂಪು ಬೆಳಕು.

ಇಷ್ಟನ್ನೂ ಒಂದು ಪತ್ರದಲ್ಲಿ ಹೇಗೆ ಹಿಡಿಸುವುದು? ಮೈಸೂರಿನ ಒಂದು ಮನೆ, ತಿಂಗಳಿಗೆ ₹699 ಮತ್ತು ಜಿಎಸ್‌ಟಿ ಎಂದು ಇಟ್ಟುಕೊಳ್ಳೋಣ.

*ವಿಷಯ: ಜೂನ್ 2ರಿಂದ ಸರಿಯಾಗದೆ ಉಳಿದಿರುವ ಒಂದೇ ದೋಷ, ತಂತ್ರಜ್ಞರ ಭೇಟಿ ಮತ್ತು ಬಾಡಿಗೆ ಮನ್ನಾ ಕೋರಿ.*

*ಮಾನ್ಯರೇ,*

*ಜೂನ್ 2ರಿಂದ 15ರವರೆಗೆ ನಮ್ಮ ಫೈಬರ್ ಸಂಪರ್ಕ 61 ಬಾರಿ ಕಡಿದಿದೆ. ಪ್ರತಿ ಸಲ ಸುಮಾರು 4 ನಿಮಿಷ, ಹೆಚ್ಚಾಗಿ ಗಾಳಿ ಬೀಸುವ ಸಂಜೆ ಹೊತ್ತು. ಆ ಸಮಯದಲ್ಲಿ ಎಲ್‌ಒಎಸ್ ದೀಪ ಕೆಂಪಾಗುತ್ತದೆ, ರೂಟರ್ ಆಫ್ ಆಗುವುದಿಲ್ಲ. ಬೇರೆ ವೇಳೆಯಲ್ಲಿ ಕಂಡ ಬೆಳಕಿನ ಬಲ ಮೈನಸ್ 26.4 ಡಿಬಿಎಂ. ಕೆಳಗೆ ಕಾಣಿಸಿದ ಮೂರು ಡಾಕೆಟ್‌ಗಳನ್ನೂ ಮನೆಗೆ ಯಾರೂ ಬಾರದೆ ಮುಚ್ಚಲಾಗಿದೆ. ದಯವಿಟ್ಟು ಇವನ್ನು ಒಂದೇ ದೂರಾಗಿ ಪರಿಗಣಿಸಿ, ಪವರ್ ಮೀಟರ್ ಸಮೇತ ತಂತ್ರಜ್ಞರನ್ನು ಕಳಿಸಿ, ಕಂಬದಲ್ಲೂ ಮನೆಯಲ್ಲೂ ಅಳತೆ ಮಾಡಿಸಿ. ದೋಷ ನಿಮ್ಮ ಲೈನಿನಲ್ಲಿ ಕಂಡುಬಂದರೆ ಭೇಟಿಯ ಶುಲ್ಕ ಹಾಕಬಾರದೆಂದೂ, 14 ದಿನಗಳ ಬಾಡಿಗೆ ₹326.20 ಮತ್ತು ಅದರ ಜಿಎಸ್‌ಟಿ ₹58.72, ಒಟ್ಟು ₹384.92 ಮುಂದಿನ ಬಿಲ್ಲಿನಲ್ಲಿ ಜಮಾ ಮಾಡಬೇಕೆಂದೂ ಕೋರುತ್ತೇನೆ. ಮೊಬೈಲಿಗೆ ಕರೆ ಮಾಡಿ ಭೇಟಿಯ ವೇಳೆ ನಿಗದಿಪಡಿಸಬಹುದು.*

ನಂಬಿಕೆ: ನೆಟ್ ಹೋದಷ್ಟು ಹೊತ್ತಿನ ದುಡ್ಡು ಕೇಳಬೇಕು.

ಕೇಳಿ ನೋಡಿ, ಅವರು ಸಂತೋಷದಿಂದ ಕೊಡುತ್ತಾರೆ. ಮೇಲಿನ ಮನೆಯಲ್ಲಿ 61 ಸಲ ನಾಲ್ಕು ನಿಮಿಷವೆಂದರೆ 244 ನಿಮಿಷ. ತಿಂಗಳಿಗೆ 43,200 ನಿಮಿಷ. ₹699ರಲ್ಲಿ ಅದರ ಪಾಲು ನಾಲ್ಕು ರೂಪಾಯಿಯೂ ತುಂಬುವುದಿಲ್ಲ. ಯಾವ ಘಳಿಗೆಯಲ್ಲಿ ಹೋಗುತ್ತದೋ ಗೊತ್ತಿಲ್ಲದ, ನಂಬಿ ಕೂರಲಾಗದ ಸಂಪರ್ಕಕ್ಕೆ ನಿಮಿಷದ ಲೆಕ್ಕ ಹೊಂದುವುದೇ ಇಲ್ಲ. ಮೊದಲ ದೂರು ಕೊಟ್ಟ ದಿನದಿಂದ ಸರಿಯಾದ ದಿನದವರೆಗೆ ಎಂದು ದಿನದ ಲೆಕ್ಕ ಹಿಡಿಯಬೇಕು. ದಿನಕ್ಕೆ ₹23.30, ಹದಿನಾಲ್ಕು ದಿನ.

ಇದು ನಮ್ಮ ಆಸೆಯ ಲೆಕ್ಕವಷ್ಟೇ ಅಲ್ಲ. ಟ್ರಾಯ್‌ನ 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟ ನಿಯಮವೇ ದೋಷ ಬಾಕಿಯಿದ್ದ ದಿನಗಳ ಮೇಲೆ ರಿಯಾಯಿತಿ ಕಟ್ಟಿತ್ತು. ಮೂರು ಕೆಲಸದ ದಿನ ದಾಟಿದರೆ ಏಳು ದಿನದ ಕನಿಷ್ಠ ಬಾಡಿಗೆ, ಏಳು ದಾಟಿದರೆ ಹದಿನೈದು ದಿನದ್ದು, ಹದಿನೈದು ದಾಟಿದರೆ ಒಂದು ತಿಂಗಳಿನದ್ದು. ಗುಣಮಟ್ಟದ ಹೊಸ ನಿಯಮಾವಳಿ 2024ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಈಗಿನ ಮಿತಿಗಳನ್ನು ನಿಮ್ಮ ಕಂಪನಿಯ ಗ್ರಾಹಕರ ಸನ್ನದಿನಲ್ಲಿ ನೋಡಿಕೊಂಡು, ಆ ಸಾಲನ್ನೇ ಪತ್ರದಲ್ಲಿ ಎತ್ತಿ ಹಾಕಿ. ಡಾಕೆಟ್ ಮುಚ್ಚಿ ತೆರೆದು ಮಾಡುವ ಚಾಳಿ ನಿಮಗೆ ಹೊಡೆಯುವುದು ಇಲ್ಲೇ: ಪ್ರತಿ ಸಲ ಮುಚ್ಚಿದಾಗ ಬಾಕಿ ದಿನಗಳ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ.

ಬಿಲ್ ಕಟ್ಟದೆ ಬಿಟ್ಟರೆ ದಾರಿಗೆ ಬರುತ್ತಾರೆ ಎನ್ನುವವರೂ ಇದ್ದಾರೆ. ಬಾಕಿಯ ನೆಪದಲ್ಲಿ ಸಂಪರ್ಕ ನಿಲ್ಲಿಸಲು, ದಂಡ ಸೇರಿಸಲು ಅವರಿಗೆ ದಾರಿ ಸಿಗುತ್ತದೆ, ನಿಮ್ಮ ದೂರು ಹಿಂದೆ ಸರಿಯುತ್ತದೆ. ಕಟ್ಟಿ, ‘ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ’ ಎಂದು ಬರೆಯಿರಿ. ಪ್ರಿಪೇಯ್ಡ್ ಪ್ಲಾನ್ ಆಗಿದ್ದರೆ ಹಣದ ಬದಲು ಅಷ್ಟು ದಿನ ವ್ಯಾಲಿಡಿಟಿ ವಿಸ್ತರಿಸಲು ಕೇಳಿ. ಅದನ್ನು ಒಪ್ಪಿಸುವುದು ನನ್ನ ಅಂದಾಜಿನಲ್ಲಿ ಇನ್ನೂ ಸುಲಭ.

ನಂಬಿಕೆ: ಕೊನೆಗೆ ಟ್ರಾಯ್‌ಗೆ ಬರೆದರೆ ಆಯಿತು.

ಟ್ರಾಯ್ ನಿಯಮ ಮಾಡುತ್ತದೆ, ಒಬ್ಬೊಬ್ಬ ಗ್ರಾಹಕರ ದೂರು ಬಿಡಿಸುವುದಿಲ್ಲ. 2012ರ ದೂರು ಪರಿಹಾರ ನಿಯಮದ ಪ್ರಕಾರ ಎರಡನೇ ಮೆಟ್ಟಿಲು ಕಂಪನಿಯೊಳಗಿನ ಮೇಲ್ಮನವಿ ಪ್ರಾಧಿಕಾರ. ಶುಲ್ಕವಿಲ್ಲ. ಮೊದಲ ದೂರಿನ ಗಡುವು ಮುಗಿದ ಮೇಲೆ 30 ದಿನದೊಳಗೆ ಹೋಗಬೇಕು, ಅವರು 39 ದಿನದೊಳಗೆ ತೀರ್ಮಾನಿಸಬೇಕು. ಡಾಕೆಟ್ ಸಂಖ್ಯೆ ಇಲ್ಲದೆ ಅಲ್ಲಿ ಮೇಲ್ಮನವಿ ಹಾಕುವಂತಿಲ್ಲ, ಆದ್ದರಿಂದ ಪತ್ರ ಕಳಿಸಿದ ದಿನವೇ ಫೋನಿನಲ್ಲೋ ಆ್ಯಪಿನಲ್ಲೋ ಸಂಖ್ಯೆ ಪಡೆದುಕೊಳ್ಳಿ.

ಅದರಾಚೆ ಜಿಲ್ಲಾ ಗ್ರಾಹಕ ಆಯೋಗವಿದೆ. ಟೆಲಿಗ್ರಾಫ್ ಕಾಯ್ದೆಯ ಹೆಸರು ಹೇಳಿ ಫೋನ್, ಇಂಟರ್ನೆಟ್ ದೂರುಗಳನ್ನು ಅಲ್ಲಿ ತೆಗೆದುಕೊಳ್ಳುವಂತಿಲ್ಲ ಎಂಬ ವಾದ ಬಹಳ ಕಾಲ ನಡೆಯಿತು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ನೀವು ಸೇವೆಗೆ ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಅಲ್ಲಿ ದೂರು ದಾಖಲಿಸಲು ಶುಲ್ಕವಿಲ್ಲ, ಮತ್ತು ಕಂಪನಿಯ ಕಚೇರಿ ಎಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು.