ಮಸೂರದ ಲೆಕ್ಕ: ಕಿರಣಗಳು ಸೇರುವುದೆಲ್ಲಿ?

ಪರೀಕ್ಷೆ ಹತ್ತಿರ ಬಂತೆಂದರೆ ಹತ್ತನೇ ತರಗತಿ ಮಕ್ಕಳ ವಾಟ್ಸಾಪ್ ಗುಂಪುಗಳಲ್ಲಿ ಪುಸ್ತಕದ ಪುಟಗಳ ಫೋಟೋಗಳು ಓಡಾಡತೊಡಗುತ್ತವೆ. ಅವುಗಳ ನಡುವೆ ಬೆಳಕಿನ ಪಾಠದ ಒಂದು ಲೆಕ್ಕ ಇದ್ದೇ ಇರುತ್ತದೆ. 10 ಸೆಂ.ಮೀ. ಸಂಗಮದೂರದ ಪೀನ ಮಸೂರ, ಅದರಿಂದ 25 ಸೆಂ.ಮೀ. ದೂರದಲ್ಲಿ 5 ಸೆಂ.ಮೀ. ಎತ್ತರದ ಒಂದು ವಸ್ತು. ಕಿರಣಚಿತ್ರ ಬರೆದು, ಪ್ರತಿಬಿಂಬ ಎಲ್ಲಿ ಮೂಡುತ್ತದೆ, ಎಷ್ಟು ಎತ್ತರ, ಯಾವ ಬಗೆಯದು ಎಂದು ಹೇಳಬೇಕು. ಎನ್‌ಸಿಇಆರ್‌ಟಿ ಪುಸ್ತಕದಲ್ಲಿರುವುದು ಇದೇ ಅಂಕಿಗಳ ಲೆಕ್ಕ.

ಹೆಚ್ಚಿನ ಮಕ್ಕಳು ಮೊದಲು ಸೂತ್ರಕ್ಕೆ ಅಂಕಿ ತುಂಬಿ ಉತ್ತರ ತೆಗೆಯುತ್ತಾರೆ. ಆಮೇಲೆ ಅಂಕ ಹೋಗದಿರಲಿ ಎಂದು ಅಂದಾಜಿಗೆ ಒಂದು ಚಿತ್ರ ಗೀಚುತ್ತಾರೆ. ಇದನ್ನು ತಿರುಗಿಸಿ ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಚಿತ್ರವನ್ನು ಅಳತೆಗೆ ಸರಿಯಾಗಿ ಬರೆದರೆ ಸೂತ್ರವನ್ನು ಮುಟ್ಟದೆಯೇ ಉತ್ತರ ಸಿಗುತ್ತದೆ. ಸೂತ್ರ ಹುಟ್ಟಿದ್ದೇ ಆ ಚಿತ್ರದಿಂದ.

ಆದರೆ ಫೋಟೋದಲ್ಲಿರುವ ಚಿತ್ರದ ಮೇಲೆ ಸ್ಕೇಲ್ ಇಟ್ಟು ಅಳೆಯಲು ಹೋಗಬಾರದು. ಪುಸ್ತಕದ ಚಿತ್ರಗಳು ಬಹುಪಾಲು ಪ್ರಮಾಣಕ್ಕೆ ಸರಿಯಾಗಿ ಬರೆದವಲ್ಲ. ಪುಟದಲ್ಲಿ ಜಾಗ ಹೊಂದುವಂತೆ, ಕಿರಣಗಳು ಒಂದರ ಮೇಲೊಂದು ಬೀಳದಂತೆ ಬಿಡಿಸಿರುತ್ತಾರೆ. ಅದರ ಮೇಲೆ ಮೊಬೈಲನ್ನು ಸ್ವಲ್ಪ ಓರೆಯಾಗಿ ಹಿಡಿದು ಫೋಟೋ ತೆಗೆದರೆ ಪುಟದ ಹತ್ತಿರದ ಅಂಚು ದೊಡ್ಡದಾಗಿ, ದೂರದ ಅಂಚು ಚಿಕ್ಕದಾಗಿ ಬರುತ್ತದೆ. ಮಸೂರದ ಎಡಕ್ಕೂ ಬಲಕ್ಕೂ ಸಮದೂರದಲ್ಲಿರಬೇಕಾದ ಎರಡು ಸಂಗಮಗಳು ಫೋಟೋದಲ್ಲಿ ಸಮದೂರದಲ್ಲಿ ಕಾಣುವುದಿಲ್ಲ. ಪುಟದ ಎದುರುಬದುರು ಅಂಚುಗಳು ಫೋಟೋದಲ್ಲಿ ಒಂದಕ್ಕೊಂದು ಸಮಾಂತರವಾಗಿಲ್ಲದಿದ್ದರೆ ಹೀಗಾಗಿದೆ ಎಂದೇ ತಿಳಿಯಬೇಕು. ಫೋಟೋದಿಂದ ತೆಗೆದುಕೊಳ್ಳಬೇಕಾದದ್ದು ಮೂರು ಅಂಕಿಗಳನ್ನು ಮಾತ್ರ: 25, 10 ಮತ್ತು 5.

ಇನ್ನು ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ನಡುವೆ ಉದ್ದಕ್ಕೆ ಒಂದು ಅಡ್ಡಗೆರೆ ಎಳೆಯಿರಿ, ಅದು ಪ್ರಧಾನಾಕ್ಷ. ಅದಕ್ಕೆ ಲಂಬವಾಗಿ ಒಂದು ಗೆರೆ ಎಳೆದರೆ ಅದೇ ಮಸೂರ. ಹೊಟ್ಟೆ ಉಬ್ಬಿದ ಆಕಾರ ಬಿಡಿಸಲೇಬೇಕೆಂದಿಲ್ಲ. ನಿಜವಾದ ಗಾಜಿನಲ್ಲಿ ಕಿರಣ ಒಳಹೋಗುವಾಗ ಒಮ್ಮೆ, ಹೊರಬರುವಾಗ ಒಮ್ಮೆ ಬಾಗುತ್ತದೆ. ಮಸೂರ ತೆಳುವಾಗಿದ್ದರೆ ಈ ಎರಡು ಬಾಗುಗಳನ್ನೂ ಸೇರಿಸಿ ನಡುಗೆರೆಯ ಮೇಲೆ ಒಂದೇ ಬಾಗು ಎಂದು ತೋರಿಸಿದರೆ ತಪ್ಪಿಲ್ಲ. ಉದ್ದಳತೆಗೆ ಹಾಳೆಯ 1 ಸೆಂ.ಮೀ. ಎಂದರೆ ನಿಜದ 5 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಆಗ ವಸ್ತು ಮಸೂರದ ಎಡಕ್ಕೆ 5 ಸೆಂ.ಮೀ. ದೂರದಲ್ಲಿ ನಿಲ್ಲುತ್ತದೆ, ಸಂಗಮಗಳು ಎರಡೂ ಬದಿಗೆ 2 ಸೆಂ.ಮೀ. ದೂರದಲ್ಲಿ ಬರುತ್ತವೆ. ಎತ್ತರವನ್ನು ಮಾತ್ರ ಇದ್ದದ್ದು ಇದ್ದ ಹಾಗೆ, 5 ಸೆಂ.ಮೀ. ಬಾಣವಾಗಿಯೇ ಬರೆಯಬಹುದು. ಉದ್ದಕ್ಕೊಂದು ಎತ್ತರಕ್ಕೊಂದು ಪ್ರಮಾಣ ಇಟ್ಟರೆ ಕೋನಗಳು ನಿಜದವಾಗಿರುವುದಿಲ್ಲ, ಆದರೆ ನೇರ ಗೆರೆಗಳು ನೇರವಾಗಿಯೇ ಉಳಿಯುತ್ತವೆ. ಹಾಗಾಗಿ ಅವು ಸೇರುವ ಜಾಗ ಬದಲಾಗುವುದಿಲ್ಲ. ಗೆರೆಗಳು ಕಡಿದಾಗಿ ಕತ್ತರಿಸುವುದರಿಂದ ಆ ಜಾಗವನ್ನು ಗುರುತಿಸುವುದೂ ಸುಲಭ.

ಈಗ ಬಾಣದ ತುದಿಯಿಂದ ಕಿರಣಗಳು. ಮೊದಲನೆಯದು ಅಕ್ಷಕ್ಕೆ ಸಮಾಂತರವಾಗಿ ಬಂದು, ಮಸೂರದಲ್ಲಿ ಬಾಗಿ, ಬಲಬದಿಯ ಸಂಗಮದ ಮೂಲಕ ಹಾದು ಕೆಳಗಿಳಿಯುತ್ತದೆ. ಎರಡನೆಯದು ಮಸೂರದ ನಡುಬಿಂದುವಿನ ಮೂಲಕ ಬಾಗದೆ ನೇರವಾಗಿ ಹೋಗುತ್ತದೆ. ಎರಡನ್ನೂ ಎಳೆದರೆ ಅವು ಬಲಬದಿಯಲ್ಲಿ, ಅಕ್ಷದ ಕೆಳಗೆ, ಮಸೂರದಿಂದ 3.3 ಸೆಂ.ಮೀ.ಗಿಂತ ಕೂದಲೆಳೆಯಷ್ಟು ಆಚೆ ಒಂದನ್ನೊಂದು ಕತ್ತರಿಸುತ್ತವೆ. ಅದನ್ನು 5ರಿಂದ ಗುಣಿಸಿದರೆ ಸುಮಾರು 16.7 ಸೆಂ.ಮೀ. ಬಾಣದ ತುದಿಯ ಪ್ರತಿಬಿಂಬ ಇರುವುದು ಅಲ್ಲಿ. ಅಲ್ಲಿಂದ ಅಕ್ಷಕ್ಕೆ ಲಂಬ ಎಳೆದರೆ ತಲೆಕೆಳಗಾಗಿ ನಿಂತ, ಸುಮಾರು 3.3 ಸೆಂ.ಮೀ. ಎತ್ತರದ ಬಾಣ ಸಿಗುತ್ತದೆ. ಕಿರಣಗಳು ನಿಜವಾಗಿಯೂ ಅಲ್ಲಿ ಸೇರುವುದರಿಂದ ಇದು ಸತ್ಯ ಪ್ರತಿಬಿಂಬ, ಪರದೆಯ ಮೇಲೆ ಹಿಡಿಯಬಹುದು.

ಮಕ್ಕಳು ಹೆಚ್ಚಾಗಿ ಎಡವುವುದು ಇಲ್ಲೇ. ಸಮಾಂತರವಾಗಿ ಬಂದ ಕಿರಣ ಅಕ್ಷವನ್ನು ದಾಟುವ ಜಾಗವನ್ನೇ ಪ್ರತಿಬಿಂಬದ ಜಾಗ ಎಂದುಕೊಂಡು, ಸಂಗಮದಲ್ಲೇ ಬಾಣ ನಿಲ್ಲಿಸಿಬಿಡುತ್ತಾರೆ. ಕಿರಣ ಅಕ್ಷವನ್ನು ಎಲ್ಲಿ ದಾಟಿದರೂ ಅದರಿಂದ ಪ್ರತಿಬಿಂಬ ಆಗುವುದಿಲ್ಲ. ಒಂದೇ ತುದಿಯಿಂದ ಹೊರಟ ಎರಡು ಕಿರಣಗಳು ಮತ್ತೆ ಪರಸ್ಪರ ಸೇರಬೇಕು. ಸಂಗಮದಲ್ಲಿ ಪ್ರತಿಬಿಂಬ ಬೇಕಾದರೆ ವಸ್ತು ಬಹಳ ದೂರದಲ್ಲಿರಬೇಕು.

ಮೂರನೆಯ ಕಿರಣವನ್ನು ಪರಿಶೀಲನೆಗೆ ಎಂದು ಎಳೆಯುವವರು ಕಡಿಮೆ. ನನಗೆ ಅದೇ ಅಚ್ಚುಮೆಚ್ಚು. ಅದು ಬಾಣದ ತುದಿಯಿಂದ ಹೊರಟು, ಎಡಬದಿಯ ಸಂಗಮದ ಮೂಲಕ ಹಾದು, ಮಸೂರವನ್ನು ಅಕ್ಷದ ಕೆಳಗೆ ಮುಟ್ಟಿ, ಅಲ್ಲಿಂದ ಅಕ್ಷಕ್ಕೆ ಸಮಾಂತರವಾಗಿ ಸಾಗುತ್ತದೆ. ಸಮಾಂತರವಾಗಿ ಸಾಗುವುದರಿಂದ ಅದು ಮಸೂರವನ್ನು ಎಷ್ಟು ಕೆಳಗೆ ಮುಟ್ಟಿತೋ ಪ್ರತಿಬಿಂಬದ ಎತ್ತರವೂ ಅಷ್ಟೇ. ವಸ್ತುವಿನಿಂದ ಆ ಸಂಗಮಕ್ಕೆ 15 ಸೆಂ.ಮೀ., ಸಂಗಮದಿಂದ ಮಸೂರಕ್ಕೆ 10 ಸೆಂ.ಮೀ. ಅಲ್ಲಿ ಮೂಡುವ ಎರಡು ತ್ರಿಭುಜಗಳು ಸಮರೂಪಿಗಳು. ಆದ್ದರಿಂದ ಎತ್ತರ 5ರ ಮೂರನೇ ಎರಡು ಭಾಗ, ಅಂದರೆ 3.33 ಸೆಂ.ಮೀ. ನಡುಬಿಂದುವಿನ ಮೂಲಕ ಹೋದ ಕಿರಣದಲ್ಲೂ ಇಂಥದೇ ಎರಡು ತ್ರಿಭುಜಗಳಿವೆ. ಎತ್ತರ ಮೂರನೇ ಎರಡಾದರೆ ದೂರವೂ 25ರ ಮೂರನೇ ಎರಡು, ಅಂದರೆ 16.67 ಸೆಂ.ಮೀ. ಬಾಯಲ್ಲೇ ಮಾಡಿ ಮುಗಿಸಬಹುದಾದ ಲೆಕ್ಕ.

ಸೂತ್ರ ಇದನ್ನೇ ಹೇಳುತ್ತದೆ:

1/v − 1/u = 1/f

ಇಲ್ಲಿ u ವಸ್ತುದೂರ, v ಪ್ರತಿಬಿಂಬದೂರ, f ಸಂಗಮದೂರ. ಬೆಳಕು ಎಡದಿಂದ ಬಲಕ್ಕೆ ಸಾಗುತ್ತದೆ ಎಂದು ಇಟ್ಟುಕೊಂಡು, ಮಸೂರದಿಂದ ಬಲಕ್ಕೆ ಅಳೆದದ್ದು ಧನ, ಎಡಕ್ಕೆ ಅಳೆದದ್ದು ಋಣ ಎಂಬುದು ನಮ್ಮ ಪುಸ್ತಕಗಳ ಪದ್ಧತಿ. ವಸ್ತು ಎಡಕ್ಕಿದೆ, ಹಾಗಾಗಿ u = −25, f = +10.

1/v = 1/10 − 1/25 = 3/50
v = 50/3 = 16.67

ವರ್ಧನೆ v/u = −0.67. ಋಣ ಚಿಹ್ನೆ ತಲೆಕೆಳಗು ಎಂದೂ, ಒಂದಕ್ಕಿಂತ ಕಡಿಮೆ ಇರುವುದು ಚಿಕ್ಕದು ಎಂದೂ ತಿಳಿಸುತ್ತದೆ.

ತೊಡಕು ಬರುವುದು ಬೇರೆ ಬೇರೆ ಪುಸ್ತಕಗಳ ಪುಟಗಳು ಬೆರೆತಾಗ. ಬ್ರಿಟನ್ನಿನ ಶಾಲಾ ಪುಸ್ತಕಗಳಲ್ಲಿ ಬಳಕೆಯಲ್ಲಿದ್ದ ಇನ್ನೊಂದು ಪದ್ಧತಿಯಲ್ಲಿ ನಿಜವಾದ ವಸ್ತು ಮತ್ತು ಸತ್ಯ ಪ್ರತಿಬಿಂಬದ ದೂರಗಳೆಲ್ಲ ಧನ. ಸೂತ್ರವೂ 1/u + 1/v = 1/f ಎಂದಿರುತ್ತದೆ. ಎರಡೂ ಸರಿ, ಉತ್ತರವೂ ಒಂದೇ. ಆದರೆ ಒಂದರ ಸೂತ್ರಕ್ಕೆ ಇನ್ನೊಂದರ ಚಿಹ್ನೆ ಹಾಕಿದರೆ 1/v = 1/10 + 1/25 ಎಂದಾಗಿ, v = 7.14 ಸೆಂ.ಮೀ. ಬರುತ್ತದೆ. ನೋಡಲು ಒಪ್ಪುವಂತಹ ಅಂಕಿಯೇ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಅನುಮಾನ ಬರಬೇಕು. ನಿಜವಾದ ವಸ್ತುವಿನ ಸತ್ಯ ಪ್ರತಿಬಿಂಬವನ್ನು ಪೀನ ಮಸೂರ ತನ್ನ ಸಂಗಮದೂರಕ್ಕಿಂತ ಹತ್ತಿರ ಎಂದೂ ಮೂಡಿಸಲಾರದು. ಅನಂತ ದೂರದಿಂದ ಸಮಾಂತರವಾಗಿ ಬರುವ ಕಿರಣಗಳನ್ನು ಅದು ಸೇರಿಸುವುದು 10 ಸೆಂ.ಮೀ.ನಲ್ಲಿ. ಹತ್ತಿರದ ವಸ್ತುವಿನಿಂದ ಬರುವ ಕಿರಣಗಳು ಹರಡಿಕೊಂಡು ಬರುತ್ತವೆ, ಅವನ್ನು ಸೇರಿಸುವುದು ಇನ್ನೂ ಕಷ್ಟ, ಹಾಗಾಗಿ ಅವು ಇನ್ನೂ ಆಚೆ ಸೇರಬೇಕು. 7.14 ಬಂತೆಂದರೆ ಚಿಹ್ನೆ ತಪ್ಪಿದೆ ಎಂದೇ ಅರ್ಥ. ವಸ್ತು ಸಂಗಮದೂರದ ಇಮ್ಮಡಿಗಿಂತ ಆಚೆ ಇದ್ದರೆ ಪ್ರತಿಬಿಂಬ ಸಂಗಮದೂರಕ್ಕೂ ಅದರ ಇಮ್ಮಡಿಗೂ ನಡುವೆ ಬರಬೇಕು. 25 ಎಂಬುದು 20ರ ಆಚೆಗಿದೆ, 16.67 ಎಂಬುದು 10 ಮತ್ತು 20ರ ನಡುವೆ ಇದೆ, ಸರಿಹೋಯಿತು.

ಇದೇ ಪಾಠದಲ್ಲಿ ಮಸೂರದ ಅರ್ಧ ಭಾಗಕ್ಕೆ ಕಪ್ಪು ಕಾಗದ ಅಂಟಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಯೂ ಇದೆ. ಅರ್ಧ ಪ್ರತಿಬಿಂಬ ಮಾಯವಾಗುತ್ತದೆ ಎಂದು ಬರೆಯುವವರೇ ಹೆಚ್ಚು. ಅದಕ್ಕೆ ಕಾರಣ ಕಿರಣಚಿತ್ರವನ್ನು ನಾವು ಓದುವ ರೀತಿ. ಬಾಣದ ತುದಿಯಿಂದ ಎರಡೋ ಮೂರೋ ಕಿರಣಗಳಷ್ಟೇ ಹೊರಡುತ್ತವೆ ಎಂದು ಚಿತ್ರ ನಂಬಿಸಿಬಿಡುತ್ತದೆ. ನಿಜದಲ್ಲಿ ಆ ತುದಿಯಿಂದ ಹೊರಟ ಬೆಳಕು ಮಸೂರದ ಮೈಯನ್ನೆಲ್ಲ ಮುಟ್ಟುತ್ತದೆ, ಎಲ್ಲಿ ಮುಟ್ಟಿದರೂ ಬಾಗಿ ಅದೇ ಬಿಂದುವಿಗೆ ಬರುತ್ತದೆ. ನಾವು ಮೂರನ್ನು ಆರಿಸಿಕೊಂಡದ್ದು ಅವುಗಳ ದಾರಿ ಮೊದಲೇ ಗೊತ್ತಿರುವುದರಿಂದ ಮಾತ್ರ. ಅರ್ಧ ಮುಚ್ಚಿದರೂ ಉಳಿದರ್ಧದಿಂದ ಪೂರ್ತಿ ಬಾಣ ಮೂಡುತ್ತದೆ, ಮಂಕಾಗಿರುತ್ತದೆ ಅಷ್ಟೆ.

ನಮ್ಮ ಲೆಕ್ಕದಲ್ಲೇ ಇದನ್ನು ನೋಡಬಹುದು. ಮಸೂರದ ವ್ಯಾಸ 5 ಸೆಂ.ಮೀ. ಎಂದುಕೊಳ್ಳಿ. ನಡುವಿನಿಂದ ಅಂಚಿಗೆ ಎರಡೂವರೆ ಸೆಂಟಿಮೀಟರ್ ಮಾತ್ರ. ಮೊದಲ ಕಿರಣ ಬರುವುದು ಅಕ್ಷದಿಂದ 5 ಸೆಂ.ಮೀ. ಮೇಲೆ, ಗಾಜಿನ ಅಂಚನ್ನೂ ದಾಟಿ ಗಾಳಿಯಲ್ಲೇ ಹೋಗಿಬಿಡುತ್ತದೆ. ಮೂರನೆಯದು ಬರುವುದು 3.33 ಸೆಂ.ಮೀ. ಕೆಳಗೆ, ಅದೂ ಹೊರಗೇ. ನಾವು ಎಳೆದ ಮೂರರಲ್ಲಿ ಗಾಜಿನೊಳಗೆ ನಿಜವಾಗಿ ಹಾದುಹೋಗುವುದು ನಡುವಿನದೊಂದೇ. ಆದರೂ ಚಿತ್ರ ಕೊಟ್ಟ ಉತ್ತರ ಸರಿ, ಏಕೆಂದರೆ ಗಾಜನ್ನು ಮುಟ್ಟುವ ಉಳಿದೆಲ್ಲ ಕಿರಣಗಳೂ ಅದೇ ಜಾಗಕ್ಕೆ ಬರುತ್ತವೆ. ಚಿತ್ರದಲ್ಲಿ ಮಸೂರದ ಗೆರೆಯನ್ನು ಮೇಲೆ ಕೆಳಗೆ ಬೇಕಾದಷ್ಟು ಉದ್ದ ಎಳೆಯಬಹುದು ಎಂಬುದು ಇದೇ ಕಾರಣಕ್ಕೆ.

ಮನೆಯಲ್ಲಿ ಮೇಣದಬತ್ತಿ ಮತ್ತು ಬಿಳಿ ರಟ್ಟು ಇಟ್ಟು ಪರೀಕ್ಷಿಸಿದರೆ ಜ್ವಾಲೆ ಸರಿಯಾಗಿ 16.7ಕ್ಕೇ ಚುರುಕಾಗಿ ಮೂಡುವುದಿಲ್ಲ. ರಟ್ಟನ್ನು ಒಂದಿಷ್ಟು ಹಿಂದೆ ಮುಂದೆ ಸರಿಸಿದರೂ ಹೆಚ್ಚುಕಡಿಮೆ ಸ್ಪಷ್ಟವಾಗಿಯೇ ಕಾಣುತ್ತದೆ, ಅಂಚಿನಲ್ಲಿ ಬಣ್ಣದ ಗೆರೆಯೂ ಇಣುಕುತ್ತದೆ. ಅಂಚಿನ ಹತ್ತಿರ ಹಾದ ಕಿರಣಗಳು ನಡುವಿನ ಕಿರಣಗಳಿಗಿಂತ ತುಸು ಹೆಚ್ಚೇ ಬಾಗುವುದು ಅದಕ್ಕೆ ಒಂದು ಕಾರಣ, ಕೆಂಪು ಬೆಳಕಿಗಿಂತ ನೀಲಿ ಹೆಚ್ಚು ಬಾಗುವುದು ಇನ್ನೊಂದು. ನಡುವೆ ರೂಪಾಯಿ ಬಿಲ್ಲೆಯಷ್ಟು ತೂತಿರುವ ರಟ್ಟನ್ನು ಮಸೂರಕ್ಕೆ ಹಿಡಿದರೆ ಜ್ವಾಲೆಯ ಪ್ರತಿಬಿಂಬ ಮಂಕಾದರೂ ಚೊಕ್ಕವಾಗುತ್ತದೆ.

ಅದಕ್ಕೂ ಮೊದಲು ಮಸೂರದ ಸಂಗಮದೂರವನ್ನು ನೀವೇ ಅಳೆದುಕೊಳ್ಳಬೇಕು. ದೂರದ ಮರವನ್ನೋ ಕಟ್ಟಡವನ್ನೋ ಗೋಡೆಯ ಮೇಲೆ ಮೂಡಿಸಿ, ಮಸೂರಕ್ಕೂ ಗೋಡೆಗೂ ಇರುವ ಅಂತರ ನೋಡಿದರೆ ಸಾಕು. ಐದು ಮೀಟರ್ ದೂರದ ಕಿಟಕಿಯನ್ನೇ ಬಳಸಿದರೆ 10 ಸೆಂ.ಮೀ. ಮಸೂರ 10.2 ಎಂದು ತೋರಿಸುತ್ತದೆ, ಆದ್ದರಿಂದ ವಸ್ತು ಇನ್ನೂ ದೂರದ್ದಾಗಿರಲಿ. ಅಂಗಡಿಯವರು 10 ಎಂದು ಹೇಳಿ ಕೊಟ್ಟ ಮಸೂರ ಅಳೆದಾಗ 10.5 ಇದ್ದರೆ, ಅದೇ 25 ಸೆಂ.ಮೀ. ದೂರದ ಜ್ವಾಲೆಯ ಪ್ರತಿಬಿಂಬ 18.1 ಸೆಂ.ಮೀ.ಗೆ ಹೋಗುತ್ತದೆ. ಸಂಗಮದೂರದಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸವಾದರೆ ರಟ್ಟು ನಿಲ್ಲಬೇಕಾದ ಜಾಗ ಸುಮಾರು ಒಂದೂವರೆ ಸೆಂಟಿಮೀಟರ್ ಸರಿಯುತ್ತದೆ.