ಹತ್ತು ದಿನದ ಸೈನಸ್ ತೊಂದರೆ: ಆ್ಯಂಟಿಬಯಾಟಿಕ್ ಯಾವಾಗ?

ನೆಗಡಿ ಹಿಡಿದು ಹತ್ತು ದಿನ. ಮೂಗು ಕಟ್ಟಿದೆ, ಕೆನ್ನೆ ಭಾರ, ಬಗ್ಗಿದರೆ ಹಣೆ ನೋವು. ಪರೀಕ್ಷೆ ಬೇರೆ ಹತ್ತಿರ ಬಂದಿದೆ. ಇಂಥ ಹೊತ್ತಿನಲ್ಲಿ ಮನೆಯವರಿಗೆ ಮೊದಲು ನೆನಪಾಗುವುದೇ ಆ್ಯಂಟಿಬಯಾಟಿಕ್.

ಮೂಗಿನ ಸುತ್ತಲ ಮೂಳೆಗಳಲ್ಲಿ ಗಾಳಿ ತುಂಬಿದ ಟೊಳ್ಳುಗಳಿವೆ. ಇವೇ ಸೈನಸ್‌ಗಳು. ನೆಗಡಿಯಾದಾಗ ಒಳಪೊರೆ ಊದಿಕೊಂಡು ಇವುಗಳ ಕಿರಿದಾದ ಬಾಯಿ ಮುಚ್ಚುತ್ತದೆ; ಒಳಗಿನ ಸಿಂಬಳ ಹೊರಬರಲಾಗದೆ ನಿಲ್ಲುತ್ತದೆ. ಬಹುತೇಕ ಸಂದರ್ಭಗಳಲ್ಲಿ ಇದಕ್ಕೆ ಕಾರಣ ವೈರಸ್. ವೈರಸ್ ಮೇಲೆ ಆ್ಯಂಟಿಬಯಾಟಿಕ್‌ನ ಆಟ ನಡೆಯುವುದಿಲ್ಲ. ನಿಂತ ಸಿಂಬಳದಲ್ಲಿ ಬ್ಯಾಕ್ಟೀರಿಯಾ ಬೆಳೆದಾಗ ಮಾತ್ರ ಅದಕ್ಕೆ ಕೆಲಸ.

ಎರಡನ್ನೂ ಬೇರ್ಪಡಿಸುವುದು ಹೇಗೆ? ಸಿಂಬಳ ಹಳದಿ ಅಥವಾ ಹಸಿರಾಯಿತೆಂಬುದು ಸಾಕ್ಷಿಯಲ್ಲ. ಸಾಮಾನ್ಯ ನೆಗಡಿಯಲ್ಲೂ ಬಣ್ಣ ಹೀಗೇ ಬದಲಾಗುತ್ತದೆ. ಎಕ್ಸ್‌ರೇ ಕೂಡ ನೆರವಾಗದು. ವೈರಸ್ ನೆಗಡಿಯಲ್ಲೂ ಸೈನಸ್‌ಗಳು ಮಸುಕಾಗಿ ಕಾಣುತ್ತವೆ. ನೋಡಬೇಕಾದದ್ದು ಕಾಯಿಲೆ ಯಾವ ದಿಕ್ಕಿಗೆ ಸಾಗಿದೆ ಎಂಬುದನ್ನು.

ಪಿಯುಸಿ ಓದುವ ಹದಿನೇಳರ ಹುಡುಗಿಯೊಬ್ಬಳ ಉದಾಹರಣೆ ತೆಗೆದುಕೊಳ್ಳೋಣ. ಮೊದಲ ದಿನ ಗಂಟಲು ಕೆರೆತ, ನಾಲ್ಕನೆಯ ದಿನ ತೊಂದರೆ ಜೋರು, ಏಳನೆಯ ದಿನ ತುಸು ಹಗುರ. ಹತ್ತನೆಯ ದಿನ ಮೂಗು ಇನ್ನೂ ಸೋರುತ್ತಿದ್ದರೂ ನೋವು ಇಳಿದಿದೆ, ರಾತ್ರಿ ನಿದ್ದೆ ಬರುತ್ತಿದೆ. ಇದು ವಾಸಿಯಾಗುತ್ತಿರುವ ನೆಗಡಿ, ಆ್ಯಂಟಿಬಯಾಟಿಕ್ ಬೇಡ. ಅದೇ ಹುಡುಗಿಗೆ ಹತ್ತನೆಯ ದಿನವೂ ನಾಲ್ಕನೆಯ ದಿನದಷ್ಟೇ ತೊಂದರೆಯಿದ್ದರೆ ಬ್ಯಾಕ್ಟೀರಿಯಾದ ಶಂಕೆ ಬಲವಾಗುತ್ತದೆ.

ಆಗಲೂ ಅವಸರ ಬೇಕಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ ಹೊರತಂದ ಮಾರ್ಗಸೂಚಿ, ಇಂಥ ಮಕ್ಕಳಿಗೆ ಕೂಡಲೇ ಔಷಧ ಕೊಡಬಹುದು, ಇಲ್ಲವೇ ಇನ್ನೂ ಮೂರು ದಿನ ಕಾದು ನೋಡಬಹುದು ಎನ್ನುತ್ತದೆ. ಅನೇಕರಲ್ಲಿ ತಾನಾಗಿಯೇ ಗುಣವಾಗುವುದೂ, ಔಷಧದಿಂದ ಭೇದಿ, ಮೈಮೇಲೆ ಗಂಧೆ ಏಳಬಹುದೆಂಬುದೂ ಇದಕ್ಕೆ ಕಾರಣ. ಕಾಯುವಾಗ ಉಪ್ಪುನೀರಿನಿಂದ ಮೂಗು ತೊಳೆದುಕೊಳ್ಳಬಹುದು. ನೀರು ಕುದಿಸಿ ಆರಿಸಿದ್ದಿರಬೇಕು.

ಎರಡು ಸಂದರ್ಭಗಳಲ್ಲಿ ಹತ್ತು ದಿನ ಕಾಯುವಂತಿಲ್ಲ. ಒಂದು, ಆರಂಭದಲ್ಲೇ 102 ಡಿಗ್ರಿ ಫ್ಯಾರನ್‌ಹೀಟ್ ಮೀರಿದ ಜ್ವರ, ಕೀವಿನಂಥ ಸಿಂಬಳ ಮೂರು ದಿನ ಬಿಡದೆ ಇದ್ದರೆ. ಎರಡು, ಕಡಿಮೆಯಾಗುತ್ತಿದ್ದ ಕಾಯಿಲೆ ಐದಾರು ದಿನಗಳ ನಂತರ ಮತ್ತೆ ಜ್ವರ, ನೋವಿನೊಡನೆ ಮರುಕಳಿಸಿದರೆ. ಕಣ್ಣಿನ ಸುತ್ತ ಊತ, ವಸ್ತುಗಳು ಎರಡೆರಡಾಗಿ ಕಾಣುವುದು, ತೀವ್ರ ತಲೆನೋವು, ಕತ್ತು ಬಿಗಿತ ಕಂಡರಂತೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಔಷಧ ಆರಂಭಿಸುವುದಾದರೆ ವೈದ್ಯರು ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಅಥವಾ ಕ್ಲಾವುಲನೇಟ್ ಬೆರೆತ ಅಮಾಕ್ಸಿಸಿಲಿನ್ ಬರೆಯುತ್ತಾರೆ. ಪೆನಿಸಿಲಿನ್ ಒಗ್ಗದವರು ಮೊದಲೇ ತಿಳಿಸಬೇಕು. ಮೂರು ದಿನದಲ್ಲಿ ಗುಣ ಕಾಣದಿದ್ದರೆ ಮತ್ತೆ ತೋರಿಸಬೇಕು. ಕಳೆದ ಸಲ ಉಳಿದ ಮಾತ್ರೆಗಳನ್ನು ನುಂಗುವ ಬದಲು ಜ್ವರ, ನೋವು, ನಿದ್ದೆಯ ವಿವರವನ್ನು ದಿನವೂ ಒಂದು ಚೀಟಿಯಲ್ಲಿ ಬರೆದಿಟ್ಟರೆ ವೈದ್ಯರ ನಿರ್ಧಾರ ಸುಲಭವಾಗುತ್ತದೆ.