‘ನಮಸ್ತೆ ಹೇಳು ಪುಟ್ಟಾ’ ಎನ್ನುವ ಮೊದಲು

ವಿಜಯದಶಮಿಯ ಸಂಜೆ ಉತ್ತರ ಕರ್ನಾಟಕದ ಯಾವುದಾದರೂ ಓಣಿಯಲ್ಲಿ ನಿಂತು ನೋಡಿ. ಬೇರೆ ದಿನ ಹೊರಗಿನವರನ್ನು ಕಂಡರೆ ಅವ್ವನ ಸೆರಗು ಹಿಡಿಯುವ ಮಕ್ಕಳೂ ಅಂದು ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತಾರೆ. ‘ಬನ್ನಿ ತಗೊಂಡು ಬಂಗಾರದಂಗಿರೋಣ’ ಎನ್ನುತ್ತಾ ಎಲೆ ಕೊಟ್ಟು ಹಿರಿಯರ ಕಾಲಿಗೆರಗುತ್ತಾರೆ. ಅಂದು ಮಗುವಿನ ಕೈಗೆ ಒಂದು ಕೆಲಸವಿದೆ, ಬಾಯಿಗೆ ಸಿದ್ಧವಾದ ಮಾತಿದೆ, ಅಕ್ಕಪಕ್ಕದ ದೊಡ್ಡವರೆಲ್ಲ ಅದನ್ನೇ ಮಾಡುತ್ತಿದ್ದಾರೆ. ದಿನನಿತ್ಯದ ನಮಸ್ಕಾರಕ್ಕೂ ಬೇಕಾದದ್ದು ಈ ಮೂರೇ.

ಆದರೆ ಮನೆಗೆ ಯಾರಾದರೂ ಬಂದಾಗ ನಾವು ಮಾಡುವುದೇನು? ಆಟದಲ್ಲಿ ಮುಳುಗಿದ ಮಗುವನ್ನು ಕರೆದು ‘ಮಾವನಿಗೆ ನಮಸ್ತೆ ಹೇಳು’ ಎನ್ನುತ್ತೇವೆ. ಅದು ಸುಮ್ಮನಿದ್ದರೆ ಇನ್ನೆರಡು ಸಲ ಹೇಳುತ್ತೇವೆ. ಎಲ್ಲರ ಕಣ್ಣೂ ಮಗುವಿನ ಮೇಲೆ. ಕೊನೆಗೆ ‘ಇವಳಿಗೆ ನಾಚಿಕೆ ಜಾಸ್ತಿ’ ಎಂದು ನಗುತ್ತೇವೆ. ನೆಂಟರು ಬಂದರೆಂದರೆ ಪರೀಕ್ಷೆ ಎಂದು ಮಗುವಿಗೆ ಮನದಟ್ಟಾಗುತ್ತದೆ, ನಾಚಿಕೆಯ ಹಣೆಪಟ್ಟಿಯನ್ನೂ ಅದು ಒಪ್ಪಿಕೊಳ್ಳುತ್ತದೆ. ಈ ಗಡಿಬಿಡಿಯಲ್ಲಿ ಎಷ್ಟೋ ಸಲ ನಾವೇ ಬಂದವರಿಗೆ ನಮಸ್ಕಾರ ಹೇಳಿರುವುದಿಲ್ಲ.

ವಯಸ್ಸಿನ ಲೆಕ್ಕವೂ ಇದೆ. ಎಂಟು ಒಂಬತ್ತು ತಿಂಗಳ ಕೂಸು ಹೊಸ ಮುಖ ಕಂಡರೆ ಅಳುವುದು ಸಹಜ. ವರ್ಷದ ಹೊತ್ತಿಗೆ ನಮ್ಮನ್ನು ನೋಡಿ ಟಾಟಾ ಮಾಡುತ್ತದೆ, ಕೈ ಜೋಡಿಸುತ್ತದೆ. ಆದರೆ ಎದುರಿಗಿರುವವರನ್ನು ನೋಡಿ ತಾನಾಗಿಯೇ ಮಾತಾಡಿಸುವುದು ಬಹಳ ನಂತರದ ಮಾತು. ಎರಡರಿಂದ ಐದು ವರ್ಷದ ಮಕ್ಕಳನ್ನು ಗಮನಿಸಿ ಎಸ್ತರ್ ಗ್ರೈಫ್ ಮತ್ತು ಜೀನ್ ಬರ್ಕೊ ಗ್ಲೀಸನ್ 1980ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ, ತಾವಾಗಿಯೇ ಹಲೋ ಅಂದವರಿಗಿಂತ ಅನ್ನದವರೇ ಹೆಚ್ಚಿದ್ದರು. ಆದ್ದರಿಂದ ಮೂರು ವರ್ಷದ ಮಗು ಸುಮ್ಮನಿದ್ದರೆ ಅದು ಸೊಕ್ಕೂ ಅಲ್ಲ, ಬೆಳೆಸಿದವರ ತಪ್ಪೂ ಅಲ್ಲ.

ಮೂರೂವರೆ ವರ್ಷದ ಮಗುವಿಗೆ ಮೇಲ್ಮಹಡಿಯ ಅಜ್ಜಿಯನ್ನು ಮಾತಾಡಿಸಲು ಕಲಿಸಬೇಕು ಎಂದಿಟ್ಟುಕೊಳ್ಳಿ. ಮೊದಲ ಒಂದು ವಾರ ಮಗುವಿಗೆ ಏನನ್ನೂ ಹೇಳಬೇಡಿ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನೀವೇ ನಿಂತು, ಅಜ್ಜಿಯ ಮುಖ ನೋಡಿ, ‘ನಮಸ್ಕಾರ ಅಜ್ಜಿ, ಊಟ ಆಯ್ತಾ?’ ಎಂದು ಕೇಳಿ. ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಎರಡನೇ ವಾರದಿಂದ, ಬಾಗಿಲು ತೆಗೆಯುವ ಮೊದಲೇ ಮನೆಯೊಳಗೆ ತಿಳಿಸಿ: ‘ಈಗ ಅಜ್ಜಿ ಸಿಗಬಹುದು. ಕೈ ಮುಗೀತೀಯಾ, ಊಟ ಆಯ್ತಾ ಅಂತ ಕೇಳ್ತೀಯಾ?’ ಎರಡರಲ್ಲಿ ಒಂದನ್ನು ಮಗುವೇ ಆರಿಸಿಕೊಳ್ಳಲಿ. ಒಂದು ದಿನ ಬಾಳೆಹಣ್ಣನ್ನೋ ಕರಿಬೇವಿನ ಎಸಳನ್ನೋ ಅದರ ಕೈಯಲ್ಲೇ ಕೊಟ್ಟು ಕಳಿಸಿ. ಕೊಡುವ ಕೆಲಸದ ಜೊತೆಗೆ ಮಾತು ಸುಲಭವಾಗಿ ಬರುತ್ತದೆ.

ಎದುರಿಗೆ ಬಂದಾಗ ಮತ್ತೆ ನೆನಪಿಸಬೇಡಿ, ಸ್ವಲ್ಪ ಹೊತ್ತು ಕಾಯಿರಿ. ಮಗು ಮಾತಾಡದಿದ್ದರೆ ನೀವೇ ಮಾತಾಡಿಸಿ ಮುಂದೆ ಸಾಗಿ. ಮಗುವಿನ ಪರವಾಗಿ ಕ್ಷಮೆ ಕೇಳಬೇಕಿಲ್ಲ. ತಲೆಯೆತ್ತಿ ನೋಡಿದ್ದು, ನಕ್ಕಿದ್ದು, ಕೈಯಾಡಿಸಿದ್ದು ಎಲ್ಲವೂ ಮೆಟ್ಟಿಲುಗಳೇ. ಮಾತಾಡಿಸಿದರೆ ಚಾಕೊಲೇಟ್ ಕೊಡುವುದು ಬೇಡ. ಮನೆಗೆ ಬಂದ ಮೇಲೆ ‘ನೀನು ಕೇಳಿದಾಗ ಅಜ್ಜಿ ಎಷ್ಟು ನಕ್ಕರು ನೋಡಿದೆಯಾ’ ಎಂದರೆ, ತನ್ನ ಮಾತು ಇನ್ನೊಬ್ಬರಿಗೆ ಏನು ಮಾಡಿತು ಎನ್ನುವುದು ಅದಕ್ಕೆ ತಿಳಿಯುತ್ತದೆ. ಕೆನ್ನೆ ಹಿಂಡುವ, ಎತ್ತಿ ಮುದ್ದಿಡುವ ಹಿರಿಯರಿಗೆ ‘ಅವಳೇ ಹತ್ತಿರ ಬರ್ತಾಳೆ, ಸ್ವಲ್ಪ ಬಿಡಿ’ ಎಂದು ಮೊದಲೇ ವಿನಂತಿಸಿ. ನಮಸ್ಕಾರವನ್ನು ಕಲಿಸಬಹುದು, ಅಪ್ಪುಗೆಯನ್ನು ಬಲವಂತ ಮಾಡಬಾರದು.

ಶಾಲೆಯ ಕಥೆ ಸ್ವಲ್ಪ ಬೇರೆ. ತರಗತಿಯಲ್ಲಿ ಎದ್ದು ನಿಂತು ಒಕ್ಕೊರಲಿನಿಂದ ‘ಗುಡ್ ಮಾರ್ನಿಂಗ್ ಮಿಸ್’ ಎನ್ನುವ ಮಗು, ಅದೇ ಮಿಸ್ ಸಂತೆಯಲ್ಲಿ ಸಿಕ್ಕರೆ ಬಾಯಿ ಬಿಡುವುದಿಲ್ಲ. ಅದು ಕಲಿತದ್ದು ಗಂಟೆಗೂ ಗುಂಪಿಗೂ ಅಂಟಿಕೊಂಡ ಮಾತು. ಬೆಳಿಗ್ಗೆ ಐದು ನಿಮಿಷ ಬೇಗ ಹೋಗಿ, ಗೇಟಿನ ನೂಕುನುಗ್ಗಲು ಶುರುವಾಗುವ ಮೊದಲು ಟೀಚರನ್ನು ನೀವು ಮಾತಾಡಿಸಿದರೆ, ಒಬ್ಬರಿಗೊಬ್ಬರು ಹೇಳುವ ನಮಸ್ಕಾರ ಮಗುವಿಗೆ ರೂಢಿಯಾಗುತ್ತದೆ. ಜೊತೆಗೆ ಆಯಾ ಅಮ್ಮನನ್ನೂ ವಾಚ್‌ಮನ್ ಅಂಕಲ್‌ನನ್ನೂ ಮಾತಾಡಿಸಿ. ನೀವು ಯಾರನ್ನು ನೋಡಿಯೂ ನೋಡದಂತೆ ದಾಟಿ ಹೋಗುತ್ತೀರೋ ಅವರನ್ನು ದಾಟಿ ಹೋಗಬಹುದು ಎಂದೂ ಮಗು ಕಲಿಯುತ್ತದೆ.

ಒಂದು ಎಚ್ಚರಿಕೆಯೂ ಬೇಕು. ಮನೆಯಲ್ಲಿ ಅರಳು ಹುರಿದಂತೆ ಮಾತಾಡುವ ಮಗು, ಶಾಲೆಗೆ ಸೇರಿದ ಮೊದಲ ತಿಂಗಳು ಕಳೆದ ಮೇಲೂ ಅಲ್ಲಿ ತಿಂಗಳುಗಟ್ಟಲೆ ಯಾರೊಂದಿಗೂ ಒಂದು ಮಾತೂ ಆಡದಿದ್ದರೆ ಅದನ್ನು ನಾಚಿಕೆ ಎಂದು ಬಿಡಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಆತಂಕದಿಂದ ಬರುವ ಈ ಮೌನಕ್ಕೆ ಚಿಕಿತ್ಸೆ ಇದೆ, ಗದರಿಸಿದರೆ ಅದು ಹೆಚ್ಚುತ್ತದೆ.

ಉಳಿದ ಮಕ್ಕಳಲ್ಲಿ ಅಭ್ಯಾಸ ಬೇರೂರಿದ್ದನ್ನು ತಿಳಿಯುವುದು ಸುಲಭ. ನೀವು ಫೋನಿನಲ್ಲಿರುವಾಗ, ನಿಮ್ಮ ಮುಖ ನೋಡದೆಯೇ ಮಗು ಮೆಟ್ಟಿಲಲ್ಲಿ ಅಜ್ಜಿಯನ್ನು ಮಾತಾಡಿಸಿದರೆ ಆಯಿತು. ಆಮೇಲೆ ಹೇಳಿಕೊಡುವುದನ್ನು ನಿಲ್ಲಿಸಿ, ನಿಮ್ಮ ನಮಸ್ಕಾರವನ್ನು ಮಾತ್ರ ಮುಂದುವರಿಸಿ.